ಶಟರ್‌ಗೆ ಆಟೋಮ್ಯಾಟಿಕ್ ಕಂಟ್ರೋಲರ್ ಕೇಳಿದ್ದಾರೆ, ಎಷ್ಟಾಗುತ್ತೆ ಅಂತ ಬರೆಯಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಆಫೀಸ್ ಕೆಲಸದಲ್ಲಿದ್ದೇನೆ, ಬಿಡುವಿನಲ್ಲಿ ಎಲೆಕ್ಟ್ರಾನಿಕ್ಸ್ ಮಾಡ್ತೀನಿ. ನಮ್ಮ ರಸ್ತೆಯ ಸ್ಟೇಷನರಿ ಅಂಗಡಿಯವರು ಶಟರ್ ಬೆಳಿಗ್ಗೆ 9ಕ್ಕೆ ತಾನಾಗೇ ತೆರೆದು ರಾತ್ರಿ 9ಕ್ಕೆ ಮುಚ್ಚಬೇಕು, ಫೋನಿಂದಲೂ ನಡೀಬೇಕು, ಹಾಗೆ ಮಾಡಿಕೊಡು ಅಂದಿದ್ದಾರೆ. ಮೋಟರ್, ರಿಮೋಟ್ ಈಗಾಗಲೇ ಇದೆ. ವೈಫೈ ಬೋರ್ಡ್, ಎರಡು ರಿಲೇ ಎಲ್ಲಾ ಸೇರಿ ಸಾಮಾನಿಗೆ 1,200 ರೂಪಾಯಿ ಆಗಬಹುದು. 2,500 ಕೇಳೋಣ ಅಂತಿದ್ದೀನಿ. "ಏನೇನು ಮಾಡ್ತೀಯ, ಎಷ್ಟಾಗುತ್ತೆ, ಒಂದು ಈಮೇಲ್ ಹಾಕು" ಅಂದ್ರು. ಏನು ಬರೆಯಲಿ? ಜಾಸ್ತಿ ಹೇಳಿದ್ರೆ ಕೆಲಸ ಕೈತಪ್ಪುತ್ತಾ?

ಉತ್ತರ: ದರದ ವಿಷಯ ಆಮೇಲೆ ನೋಡೋಣ. ಅದಕ್ಕೂ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ: "ಶಟರ್ ತಾನಾಗೇ ಮುಚ್ಚಬೇಕು ಅಂತ ನಿಮಗೆ ಅನ್ನಿಸಿದ್ದು ಯಾಕೆ?" ರಿಮೋಟ್ ಇರುವವರಿಗೆ ಬಟನ್ ಒತ್ತೋದು ದೊಡ್ಡ ಕಷ್ಟ ಏನಲ್ಲ. ನನ್ನ ಹತ್ತಿರ ಇಂಥದ್ದೇ ಕೆಲಸ ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರ ಚಿಂತೆ ಬೇರೆಯೇ ಇರುತ್ತದೆ. ಮನೆಗೆ ಹೋಗಿ ಊಟ ಮಾಡಿ ಮಲಗಿದ ಮೇಲೆ "ಹುಡುಗ ಶಟರ್ ಪೂರ್ತಿ ಇಳಿಸಿದ್ನಾ, ಲಾಕ್ ಹಾಕಿದ್ನಾ" ಅನ್ನೋ ಅನುಮಾನ ಕಾಡುತ್ತದೆ. ಅವರಿಗೆ ಬೇಕಿರುವುದು ಆ ಪ್ರಶ್ನೆಗೆ ಉತ್ತರ. ಟೈಮರ್ ಆ ಉತ್ತರ ಕೊಡುವುದಿಲ್ಲ, "ಮುಚ್ಚು" ಅಂತ ಆಜ್ಞೆ ಕೊಟ್ಟು ಸುಮ್ನಾಗುತ್ತದೆ. ಶಟರ್ ನಿಜವಾಗಿ ನೆಲ ಮುಟ್ಟಿತಾ ಅಂತ ಹೇಳುವುದಕ್ಕೆ ಕೆಳಗೆ ಒಂದು ಸೆನ್ಸರ್ ಬೇಕು. ಇದು ಗೊತ್ತಾದರೆ ನಿಮ್ಮ ಕೆಲಸದ ರೂಪವೇ ಬದಲಾಗುತ್ತದೆ. ಕೆಲಸವೂ ಚಿಕ್ಕದಾಗುತ್ತದೆ, ಅಪಾಯವೂ ಕಡಿಮೆಯಾಗುತ್ತದೆ.

ಟೈಮರ್ ಹಾಕಿ ಮುಚ್ಚಿಸುವುದು ಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, 10 ಅಡಿ ಅಗಲ, 9 ಅಡಿ ಎತ್ತರದ 18 ಗೇಜ್ ಶಟರ್ ನೂರು ಕಿಲೋ ಮೀರುತ್ತದೆ. ಅದು ಇಳಿಯುವಾಗ ಕೆಳಗೆ ಯಾರಾದರೂ ಕೂತು ಗುಡಿಸುತ್ತಿದ್ದರೆ ಮೋಟರ್‌ಗೆ ಅದು ಗೊತ್ತಾಗುವುದಿಲ್ಲ. "ಮೋಟರ್ ಒಳಗೇ ಲಿಮಿಟ್ ಸ್ವಿಚ್ ಇದೆಯಲ್ಲ" ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ಲಿಮಿಟ್ ಸ್ವಿಚ್ ಲೆಕ್ಕ ಹಾಕುವುದು ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಮಾತ್ರ. ದಾರಿಯಲ್ಲಿ ಏನಿದೆ ಅನ್ನೋದು ಅದಕ್ಕೆ ಕಾಣುವುದಿಲ್ಲ. ಏನಾದರೂ ಅಡ್ಡ ಸಿಕ್ಕರೆ ಶಟರ್‌ನ ಭಾರ ಅದರ ಮೇಲೆ ಕೂರುತ್ತದೆ, ಮೋಟರ್ ಮಾತ್ರ ಬಿಚ್ಚುತ್ತಲೇ ಇರುತ್ತದೆ. ಮೇಲಿನ ಪಟ್ಟಿಗಳು ಸಡಿಲವಾಗಿ ಸೊಟ್ಟಗಾಗುತ್ತವೆ, ಕೆಲವೊಮ್ಮೆ ಪಕ್ಕದ ಚಾನೆಲ್‌ನಿಂದ ಹೊರಗೆ ಬಂದುಬಿಡುತ್ತವೆ. ಯುರೋಪಿನಲ್ಲಿ ಇಂಥ ಬಾಗಿಲುಗಳಿಗೆ ಇಎನ್ 12453 ಅನ್ನೋ ಮಾನದಂಡ ಇದೆ. ಬಾಗಿಲು ಕಣ್ಣೆದುರಿಗೆ ಇದ್ದು, ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲಿಸುವ ವ್ಯವಸ್ಥೆಗೆ ಅದು ಒಂದು ಮಟ್ಟದ ರಕ್ಷಣೆ ಕೇಳುತ್ತದೆ. ಯಾರೂ ನೋಡದಿರುವಾಗ ತಾನಾಗೇ ನಡೆಯುವ ಬಾಗಿಲಿಗೆ ಅದಕ್ಕಿಂತ ಬಹಳ ಹೆಚ್ಚಿನದ್ದನ್ನು ಕೇಳುತ್ತದೆ. ನಮ್ಮ ಅಂಗಡಿ ಶಟರ್‌ಗೆ ಅದನ್ನು ಯಾರೂ ಬಂದು ತೋರಿಸಲಿಕ್ಕಿಲ್ಲ, ಆದರೆ ಅದರ ಹಿಂದಿರುವ ತರ್ಕ ಇಲ್ಲಿಗೂ ಅಷ್ಟೇ ಸರಿ.

ಬೆಳಿಗ್ಗೆ ತಾನಾಗೇ ತೆರೆಯೋದರಲ್ಲೂ ಒಂದು ತೊಂದರೆ ಇದೆ. ಹೊಸಬರು ಇದನ್ನು ಬಹುತೇಕ ಮರೆಯುತ್ತಾರೆ. ಮೋಟರ್ ಇದ್ದರೂ ರಾತ್ರಿ ಕೆಳಗೆ ಲಾಕ್ ಹಾಕುವ ಅಭ್ಯಾಸ ಅಂಗಡಿಯವರಿಗೆ ಇದ್ದೇ ಇರುತ್ತದೆ. ಬೆಳಿಗ್ಗೆ 9ಕ್ಕೆ ಅವರು ಬರುವುದು ತಡವಾಗಿ, ಲಾಕ್ ಇನ್ನೂ ಇರುವಾಗಲೇ ನಿಮ್ಮ ಟೈಮರ್ "ಮೇಲೆ" ಅಂದರೆ, ಕೆಳಗೆ ಬಿಗಿದಿರುವ ಶಟರ್ ಅನ್ನು ಮೋಟರ್ ಮೇಲಿಂದ ಎಳೆಯುತ್ತದೆ. ಲಾಕ್ ಪಟ್ಟಿ ಕಿತ್ತು ಬರಬಹುದು, ಪಟ್ಟಿಗಳು ಮಡಚಿಕೊಳ್ಳಬಹುದು. ಅವುಗಳನ್ನು ಬದಲಿಸುವ ಖರ್ಚಿನ ಮುಂದೆ ನಿಮ್ಮ 2,500 ರೂಪಾಯಿ ಏನೂ ಅಲ್ಲ. ತಾನಾಗೇ ತೆರೆಯದಿದ್ದರೆ ಅಂಗಡಿಯವರಿಗೆ ನಷ್ಟವೂ ಇಲ್ಲ, ಯಾಕಂದ್ರೆ ಅವರೇ ಬಂದು ನಿಲ್ಲದೆ ವ್ಯಾಪಾರ ಶುರುವಾಗುವುದಿಲ್ಲ.

ಈಗ ನೀವು ಯೋಚಿಸಿರುವ ಸರ್ಕೀಟ್ ವಿಷಯ. ಎರಡು ರಿಲೇ ಇಟ್ಟು ನೇರವಾಗಿ ಮೋಟರ್ ಓಡಿಸುವ ಲೆಕ್ಕ ಇದ್ದರೆ ಅದನ್ನು ಕೈಬಿಡಿ. "ರಿಲೇ ಮೇಲೆ 10 ಆಂಪಿಯರ್ ಅಂತಿದೆ, ಮೋಟರ್ 3 ಆಂಪಿಯರ್ ತಗೊಳ್ಳುತ್ತೆ, ಸಾಕಲ್ವಾ" ಅಂತ ಅನ್ನಿಸುತ್ತದೆ. ನೀಲಿ ರಿಲೇ ಮೇಲಿನ 10 ಆಂಪಿಯರ್ ಹೀಟರ್ ಥರದ ಸಾದಾ ಲೋಡ್‌ಗೆ. ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ನೇಮ್‌ಪ್ಲೇಟಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆಫ್ ಆಗುವಾಗ ಕಿಡಿ ಹಾರುತ್ತದೆ. ಇದರ ಜೊತೆಗೆ ಸಿಂಗಲ್ ಫೇಸ್ ಶಟರ್ ಮೋಟರ್‌ನಲ್ಲಿ "ಮೇಲೆ" ವೈರ್ ಮತ್ತು "ಕೆಳಗೆ" ವೈರ್ ನಡುವೆ ಕೆಪಾಸಿಟರ್ ಕೂತಿರುತ್ತದೆ. ಮೇಲೆ ಹೋಗುತ್ತಿರುವಾಗ ಕೆಳಗಿನ ವೈರ್‌ನಲ್ಲೂ ವೋಲ್ಟೇಜ್ ಇರುತ್ತದೆ, ಅದೂ 230ಕ್ಕಿಂತ ಜಾಸ್ತಿ. ದಿಕ್ಕು ಬದಲಿಸುವಾಗ ನಡುವೆ ಬಿಡುವು ಕೊಡದಿದ್ದರೆ, ಅಥವಾ ಪ್ರೋಗ್ರಾಂ ತಪ್ಪಿ ಎರಡೂ ರಿಲೇ ಒಟ್ಟಿಗೆ ಆನ್ ಆದರೆ, ತುಂಬಿದ ಕೆಪಾಸಿಟರ್ ಕಾಂಟ್ಯಾಕ್ಟ್‌ಗಳ ಮೂಲಕ ಒಮ್ಮೆಲೇ ಖಾಲಿಯಾಗುತ್ತದೆ, ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಅಂಟಿದ ರಿಲೇಗೆ ನೀವು ಪ್ರೋಗ್ರಾಂನಲ್ಲಿ ಎಷ್ಟು ಸಲ "ನಿಲ್ಲು" ಅಂದರೂ ಅದು ನಿಲ್ಲುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆ ದಿನಾ ಆಗುವಂಥದ್ದು. ಕರೆಂಟ್ ಹೋಗಿ ಬಂದಾಗ ವೈಫೈ ಬೋರ್ಡ್ ಹೊಸದಾಗಿ ಸ್ಟಾರ್ಟ್ ಆಗುತ್ತದೆ. ಆ ಮೊದಲ ಕ್ಷಣದಲ್ಲಿ ಕೆಲವು ಪಿನ್‌ಗಳು ನಿಮ್ಮ ಮಾತು ಕೇಳುವುದಿಲ್ಲ, ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಗುತ್ತವೆ. ಮಾರುಕಟ್ಟೆಯ ಹೆಚ್ಚಿನ ರಿಲೇ ಬೋರ್ಡ್‌ಗಳು ಪಿನ್ ಕೆಳಗಾದಾಗ ಆನ್ ಆಗುವಂಥವು. ಹೀಗಾಗಿ ರಾತ್ರಿ 2 ಗಂಟೆಗೆ ಕರೆಂಟ್ ಬಂದಾಗ ರಿಲೇ ಒಂದು ಸಲ "ಟಕ್" ಅನ್ನುತ್ತದೆ. ನಿಮ್ಮ ರಿಲೇಯನ್ನು ಮೋಟರ್‌ಗೆ ನೇರ ಕೊಡದೆ, ರಿಮೋಟ್‌ನ ಆಜ್ಞೆ ತಗೊಂಡು ಮೋಟರ್ ಓಡಿಸುವ ರಿಮೋಟ್ ಬಾಕ್ಸ್‌ನ "ಮೇಲೆ" ಟರ್ಮಿನಲ್‌ಗೆ ಸೇರಿಸಿದ್ದರೂ, ಬಾಕ್ಸ್‌ಗೆ ಆ ಒಂದು ಟಕ್ ಸಾಕು, ಶಟರ್ ಪೂರ್ತಿ ತೆರೆದು ನಿಲ್ಲುತ್ತದೆ. ಸರಿಯಾದ ಪಿನ್ ಆರಿಸಿ, ರೆಸಿಸ್ಟರ್ ಹಾಕಿ ಇದನ್ನು ತಡೆಯಬಹುದು, ನಿಜ. ಆದರೆ ಅಂಗಡಿಯ ಬಾಗಿಲು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: "ಮೇಲೆ" ಟರ್ಮಿನಲ್‌ಗೆ ನಿಮ್ಮ ವೈರ್ ಹೋಗುವುದೇ ಬೇಡ. ಹೋಗದಿದ್ದರೆ, ಅಂಗಡಿಯವರ ಫೋನ್ ಕಳೆದುಹೋದ ದಿನ ಬಾಗಿಲು ಯಾರ ಕೈಯಲ್ಲಿದೆ ಅನ್ನೋ ಚಿಂತೆಯೂ ಇರುವುದಿಲ್ಲ.

ಹಾಗಾದರೆ ಏನು ಮಾಡಿಕೊಡಬಹುದು? ಎರಡು ಭಾಗವಾಗಿ ನೋಡಿ.

ಮೊದಲ ಭಾಗ ಸುದ್ದಿ ಕೊಡುವ ಬೋರ್ಡ್. ಶಟರ್‌ನ ಕೆಳಪಟ್ಟಿಗೆ ಒಂದು ಮ್ಯಾಗ್ನೆಟ್, ಪಕ್ಕದ ಚಾನೆಲ್‌ಗೆ ಒಂದು ಮ್ಯಾಗ್ನೆಟಿಕ್ ಸೆನ್ಸರ್, ಲಾಕ್‌ನ ಬೋಲ್ಟ್ ಹತ್ತಿರ ಇನ್ನೊಂದು. ಮನೆ ಬಾಗಿಲಿಗೆ ಹಾಕುವ ಚಿಕ್ಕ ಪ್ಲಾಸ್ಟಿಕ್ ಸೆನ್ಸರ್ ಇಲ್ಲಿ ನಡೆಯುವುದಿಲ್ಲ. ಸುತ್ತಲಿನ ಕಬ್ಬಿಣ ಮ್ಯಾಗ್ನೆಟ್‌ನ ಬಲವನ್ನು ಹೀರಿಕೊಳ್ಳುತ್ತದೆ, ಶಟರ್ ಅಲುಗಾಡುವುದೂ ಜಾಸ್ತಿ. ಶಟರ್‌ಗೆ ಅಂತಲೇ ಲೋಹದ ಮೈ ಇರುವ ದೊಡ್ಡ ಸೆನ್ಸರ್ ಬರುತ್ತದೆ, ಅದನ್ನೇ ಕೇಳಿ ತಗೊಳ್ಳಿ. ನೆಲಕ್ಕೆ ಹಾಕಬೇಡಿ, ದಿನಾ ಬೆಳಿಗ್ಗೆ ನೀರು ಹಾಕಿ ತೊಳೆಯುತ್ತಾರೆ. ಗಾಳಿಗೆ ಶಟರ್ ಗಡಗಡ ಅಂದಾಗಲೆಲ್ಲ ಮೆಸೇಜ್ ಹೋಗದ ಹಾಗೆ, ಸೆನ್ಸರ್ 5 ಸೆಕೆಂಡ್ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ನಂಬಿ. ರಾತ್ರಿ 9:15ಕ್ಕೆ ಶಟರ್ ಇನ್ನೂ ಮುಚ್ಚಿರದಿದ್ದರೆ ಟೆಲಿಗ್ರಾಂನಲ್ಲಿ ಎಚ್ಚರಿಕೆ, ಮುಚ್ಚಿ ಲಾಕ್ ಬಿದ್ದಾಗ "ಮುಚ್ಚಿದೆ" ಅಂತ ಮೆಸೇಜ್, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ತೆರೆದರೆ ಕೂಡಲೇ ಮೆಸೇಜ್. ಕರೆಂಟ್ ಹೋದರೆ ರೂಟರ್ ಕೂಡ ಹೋಗುತ್ತದೆ, ಅದನ್ನೂ ಮರೆಯಬೇಡಿ. ಬೋರ್ಡ್‌ಗೆ ಬ್ಯಾಟರಿ ಇಟ್ಟರೆ ಸಾಲದು, ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ಬೇಕು. ಇಡೀ ಭಾಗದಲ್ಲಿ ರಿಲೇ ಒಂದೂ ಇಲ್ಲ. ನಿಮ್ಮ ಬೋರ್ಡ್ ಕೆಟ್ಟರೆ ಮೆಸೇಜ್ ನಿಲ್ಲಬಹುದು, ಶಟರ್‌ಗೆ ಏನೂ ಆಗುವುದಿಲ್ಲ.

ಎರಡನೇ ಭಾಗ ಇಳಿಯುವ ಶಟರ್‌ಗೆ ಕಣ್ಣು ಇಡುವುದು. ಎರಡು ಪಕ್ಕದ ಚಾನೆಲ್ ನಡುವೆ ನೆಲದಿಂದ 30–40 ಸೆಂಟಿಮೀಟರ್ ಎತ್ತರದಲ್ಲಿ ಒಂದು ಇನ್‌ಫ್ರಾರೆಡ್ ಬೀಮ್. ಅನೇಕ ರಿಮೋಟ್ ಬಾಕ್ಸ್‌ಗಳಲ್ಲಿ ಇದಕ್ಕೆ ಅಂತಲೇ ಫೋಟೋಸೆಲ್ ಟರ್ಮಿನಲ್ ಇರುತ್ತದೆ, ಬೀಮ್‌ನ ಕಾಂಟ್ಯಾಕ್ಟ್ ಅನ್ನು ನೇರ ಅಲ್ಲಿಗೆ ಕೊಡಬಹುದು. ವೈರ್ ತುಂಡಾದರೂ "ಅಡ್ಡ ಇದೆ" ಅಂತಲೇ ಬಾಕ್ಸ್‌ಗೆ ಅನ್ನಿಸುವ ಹಾಗೆ ಜೋಡಿಸಿ. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಸಂಜೆ ಬಿಸಿಲು ರಿಸೀವರ್‌ಗೆ ಬಿದ್ದು ತೊಂದರೆ ಕೊಡುತ್ತದೆ, ಹಾಗಾಗಿ ರಿಸೀವರ್ ಅನ್ನು ನೆರಳು ಬೀಳುವ ಬದಿಗೆ ಇಡಿ. ಬೀಮ್ ಒಂದೇ ಒಂದು ಗೆರೆ, ಅದರ ಮೇಲೆ ಬಗ್ಗಿ ನಿಂತವರ ಬೆನ್ನು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಬೀಮ್ ಹಾಕಿದ ಮೇಲೂ ಎದುರಿಗೆ ನಿಂತೇ ಮುಚ್ಚಬೇಕು, ಮನೆಯಿಂದ ಫೋನಲ್ಲಿ ಮುಚ್ಚುವುದು ಬೇಡ.

ಈಮೇಲ್ ಕಳಿಸುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಮೋಟರ್‌ನ ನೇಮ್‌ಪ್ಲೇಟ್ ಫೋಟೊ ತೆಗೆಯಿರಿ. ಕ್ಲಾಂಪ್ ಮೀಟರ್ ಇಟ್ಟು ಮೇಲೆ ಹೋಗುವಾಗಿನ ಕರೆಂಟ್ ಅಳೆಯಿರಿ. ನೇಮ್‌ಪ್ಲೇಟ್‌ಗಿಂತ ಜಾಸ್ತಿ ಇದ್ದರೆ, ಅಥವಾ ಮಧ್ಯದಲ್ಲಿ ಎಲ್ಲೋ ತಡೆದು ತಡೆದು ಹೋಗುತ್ತಿದ್ದರೆ, ಚಾನೆಲ್ ಸೊಟ್ಟಗಿದೆ ಅಥವಾ ಗ್ರೀಸ್ ಒಣಗಿದೆ. ಅದು ಶಟರ್ ಫಿಟ್ಟರ್ ಕೆಲಸ, ಅದು ಮುಗಿಯದೆ ನೀವು ಕೈ ಹಾಕಬೇಡಿ. ರಿಮೋಟ್ ಬಾಕ್ಸ್‌ನ ಟರ್ಮಿನಲ್‌ಗಳನ್ನು ಕಣ್ಣಳತೆಯಲ್ಲಿ ನಂಬಬೇಡಿ. ಕೆಲವು ಕಡೆ ಗೋಡೆ ಸ್ವಿಚ್‌ಗೆ ಬರುವುದು 230 ವೋಲ್ಟ್, ಕೆಲವು ಕಡೆ ಕಡಿಮೆ ವೋಲ್ಟೇಜ್. ಬಾಕ್ಸ್ ತೆರೆಯುವುದು, ಅಳೆಯುವುದು ಎರಡನ್ನೂ ಎಲೆಕ್ಟ್ರಿಷಿಯನ್ ಜೊತೆಗಿದ್ದಾಗಲೇ ಮಾಡಿ. ಕರೆಂಟ್ ಇಲ್ಲದಾಗ ಎಳೆಯುವ ಚೈನ್ ನಿಜವಾಗಿ ಕೆಲಸ ಮಾಡುತ್ತದಾ ಅಂತ ಅಂಗಡಿಯವರ ಕೈಯಿಂದಲೇ ಒಮ್ಮೆ ಎಳೆಸಿ ನೋಡಿ. ಹಿಂದೆ ಬೇರೆ ಬಾಗಿಲು ಇಲ್ಲದ ಅಂಗಡಿಯಾದರೆ ಒಳಗಿದ್ದವರು ಹೊರಬರಲು ಅದೊಂದೇ ದಾರಿ.

ಈಗ ದುಡ್ಡು. ನಿಮ್ಮ 2,500ರಲ್ಲಿ ಸಾಮಾನು ಕಳೆದರೆ ಉಳಿಯೋದು 1,300. ಬರೀ ಮೊದಲ ಭಾಗಕ್ಕೇ ನೋಡಿ ಬರಲು 2 ಗಂಟೆ, ಸರ್ಕೀಟ್ ಮತ್ತು ಪ್ರೋಗ್ರಾಂಗೆ 6, ಮೇಜಿನ ಮೇಲೆ ಟೆಸ್ಟ್‌ಗೆ 2, ಅಂಗಡಿಯಲ್ಲಿ ಹಾಕಲು 3, ಹೇಳಿಕೊಡಲು ಮತ್ತು ಆಮೇಲಿನ ಫೋನ್‌ಗಳಿಗೆ 2, ಹೀಗೆ 15 ಗಂಟೆ ಬೇಕು. 1,300 ಅನ್ನು 15ಕ್ಕೆ ಹಂಚಿದರೆ ಗಂಟೆಗೆ 87 ರೂಪಾಯಿ, ಅದರಲ್ಲೂ ಒಂದು ಬೋರ್ಡ್ ಸುಟ್ಟರೆ ಅದೂ ಇಲ್ಲ. ನಿಮ್ಮ ಊರಲ್ಲಿ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ದಿನಕ್ಕೆ ಎಷ್ಟು ಕೊಡುತ್ತಾರೆ ಅಂತ ಕೇಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಉದಾಹರಣೆಗೆ ಗಂಟೆಗೆ 300 ಇಟ್ಟುಕೊಳ್ಳೋಣ. 15 ಗಂಟೆಗೆ 4,500. ಒಳ್ಳೆಯ ಸೆನ್ಸರ್, ಬ್ಯಾಟರಿ, ಡಬ್ಬ, ವೈರ್ ಎಲ್ಲಾ ಸೇರಿ ಸಾಮಾನು 2,400 ಅಂದುಕೊಳ್ಳಿ, ಹಾಳಾಗುವುದಕ್ಕೆ ಅಂತ 240. ಗ್ಯಾರಂಟಿ ಅವಧಿಯಲ್ಲಿ ಎರಡು ಸಲ ಬಂದು ನೋಡಲು 600. ಒಟ್ಟು 7,740, ಬರೆಯುವಾಗ 7,800. ಎರಡನೇ ಭಾಗವನ್ನೂ ಹೀಗೇ ಲೆಕ್ಕ ಹಾಕಿ: ಸಾಮಾನು 2,600, ಹಾಳಿಗೆ 260, 8 ಗಂಟೆಗೆ 2,400, ಒಂದು ಭೇಟಿಗೆ 300. ಒಟ್ಟು 5,560, ಬರೆಯುವಾಗ 5,600. ಸಾಮಾನಿನ ಬೆಲೆ ನಿಮ್ಮ ಅಂಗಡಿಗಳಲ್ಲಿ ಕೇಳಿ ತುಂಬಿ, ನಾನು ಹಾಕಿದ್ದು ಲೆಕ್ಕದ ರೀತಿ ತೋರಿಸಲಿಕ್ಕೆ.

ಈಮೇಲ್ ಹೀಗಿರಲಿ:

> ವಿಷಯ: ನಿಮ್ಮ ಅಂಗಡಿ ಶಟರ್ – ಏನು ಮಾಡಿಕೊಡುತ್ತೇನೆ, ಎಷ್ಟಾಗುತ್ತದೆ
>
> ನಮಸ್ಕಾರ ಸರ್,
>
> ಮೊನ್ನೆ ಬಂದು ಶಟರ್ ನೋಡಿದೆ. ರಾತ್ರಿ ಮುಚ್ಚಿದೆಯಾ ಇಲ್ವಾ ಅನ್ನೋದು ಮನೆಯಲ್ಲಿ ಗೊತ್ತಾಗಬೇಕು ಅಂದಿರಿ. ಅದನ್ನೇ ಮುಖ್ಯ ಇಟ್ಟುಕೊಂಡು ಕೆಲಸವನ್ನು ಎರಡು ಭಾಗ ಮಾಡಿದ್ದೇನೆ. ಒಂದೇ ಬೇಕಿದ್ದರೆ ಒಂದನ್ನೇ ಮಾಡಿಸಬಹುದು.
>
> ಭಾಗ 1: ಶಟರ್ ಮುಚ್ಚಿದಾಗ, ಲಾಕ್ ಬಿದ್ದಾಗ ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ. 9:15ಕ್ಕೂ ಮುಚ್ಚದಿದ್ದರೆ ಎಚ್ಚರಿಕೆ ಬರುತ್ತದೆ. ರಾತ್ರಿ ಯಾರಾದರೂ ತೆರೆದರೆ ಕೂಡಲೇ ಗೊತ್ತಾಗುತ್ತದೆ. ಸಾಮಾನು, ಕೆಲಸ ಸೇರಿ 7,800 ರೂಪಾಯಿ.
>
> ಭಾಗ 2: ಶಟರ್ ಇಳಿಯುವಾಗ ಕೆಳಗೆ ಏನಾದರೂ ಅಡ್ಡ ಬಂದರೆ ನಿಲ್ಲಿಸುವ ಬೀಮ್. 5,600 ರೂಪಾಯಿ. ನಿಮ್ಮ ರಿಮೋಟ್ ಬಾಕ್ಸ್‌ನಲ್ಲಿ ಇದಕ್ಕೆ ಟರ್ಮಿನಲ್ ಇದೆ ಅಂತ ಖಚಿತವಾದ ಮೇಲೆ ಮಾತ್ರ ಇದನ್ನು ಮಾಡುತ್ತೇನೆ.
>
> ತಾನಾಗೇ ತೆರೆಯುವುದು, ಮುಚ್ಚುವುದು ಮತ್ತು ಫೋನಿಂದ ಶಟರ್ ಓಡಿಸುವುದನ್ನು ಸೇರಿಸಿಲ್ಲ. ಯಾರೂ ನೋಡದಿರುವಾಗ ಶಟರ್ ಇಳಿದರೆ ಜನರಿಗೆ ಪೆಟ್ಟಾಗಬಹುದು, ಲಾಕ್ ಇದ್ದಾಗ ಏರಿದರೆ ಶಟರ್ ಹಾಳಾಗುತ್ತದೆ.
>
> ಮೋಟರ್, ಸ್ಪ್ರಿಂಗ್, ಚಾನೆಲ್, ಲಿಮಿಟ್ ಸೆಟ್ಟಿಂಗ್ ನನ್ನ ಕೆಲಸದಲ್ಲಿ ಬರುವುದಿಲ್ಲ. 230 ವೋಲ್ಟ್ ವೈರಿಂಗ್ ಅನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು, ಅವರ ಕೂಲಿ ನೀವು ನೇರವಾಗಿ ಕೊಡಬೇಕು. ರೂಟರ್‌ಗೆ ಚಿಕ್ಕ ಯುಪಿಎಸ್ ಕೂಡ ನಿಮ್ಮ ಕಡೆಯಿಂದ.
>
> ಎರಡೂ ಭಾಗ ಸೇರಿ 13,400. ಒಪ್ಪಿದಾಗ 6,700, ಹಾಕಿದ ದಿನ 4,000, 15 ದಿನ ಸರಿಯಾಗಿ ನಡೆದ ಮೇಲೆ 2,700. ಮೊದಲ ದುಡ್ಡು ಬಂದ ಮೇಲೆ 3 ವಾರದಲ್ಲಿ ಮುಗಿಸುತ್ತೇನೆ. ನಾನು ಕೆಲಸ ಮಾಡುವುದು ಸಂಜೆ ಮತ್ತು ಭಾನುವಾರ.
>
> 6 ತಿಂಗಳು ನಾನು ಹಾಕಿದ ಸಾಮಾನು ಕೆಟ್ಟರೆ ಬಿಟ್ಟಿಯಾಗಿ ಸರಿಮಾಡುತ್ತೇನೆ. ನೀರು ಹೋಗಿ, ಪೆಟ್ಟು ಬಿದ್ದು, ಬೇರೆಯವರು ವೈರ್ ಬಿಚ್ಚಿ ಹಾಳಾದರೆ ಅದು ಇದರಲ್ಲಿ ಬರುವುದಿಲ್ಲ. ಈ ದರ 15 ದಿನ ಮಾತ್ರ.
>
> ಕೊಡುವ ದಿನ ನಿಮ್ಮ ಎದುರಿಗೇ ಪರೀಕ್ಷೆ ಮಾಡೋಣ: 10 ಸಲ ಮುಚ್ಚಿ ತೆರೆದು ಮೆಸೇಜ್ ನೋಡುವುದು, ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ ಶಟರ್ ಅಲುಗಾಡಬಾರದು, ಇಳಿಯುವಾಗ ಖಾಲಿ ರಟ್ಟಿನ ಡಬ್ಬ ಇಟ್ಟರೆ ನಿಲ್ಲಬೇಕು.
>
> ಒಪ್ಪಿಗೆಯಾದರೆ ಇದಕ್ಕೇ ಉತ್ತರವಾಗಿ "ಭಾಗ 1" ಅಥವಾ "ಎರಡೂ" ಅಂತ ಬರೆಯಿರಿ.

"ಮೊನ್ನೆ ಬಂದು ನೋಡಿದೆ" ಅಂತ ಬರೆಯಬೇಕಾದರೆ ನಿಜವಾಗಿ ಹೋಗಿರಬೇಕು, ಆ ಮಾತನ್ನು ಅವರ ಬಾಯಿಂದ ಕೇಳಿರಬೇಕು. ಅವರು ಬೇರೆ ಕಾರಣ ಹೇಳಿದರೆ ಮೊದಲ ಪ್ಯಾರಾ ಬದಲಿಸಿ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಿಲ್‌ನಲ್ಲಿ ಜಿಎಸ್‌ಟಿ ಅಂತ ಸೇರಿಸಿ ವಸೂಲಿ ಮಾಡುವಂತಿಲ್ಲ, ಸಾದಾ ಬಿಲ್ ಕೊಡಿ.

ಕೆಲಸ ಕೈತಪ್ಪುತ್ತದಾ ಅಂತ ಕೇಳಿದ್ದೀರಿ. ತಪ್ಪಬಹುದು. ಅವರು "ಜಾಸ್ತಿ ಆಯ್ತು" ಅಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ಲಾಕ್ ಸೆನ್ಸರ್ ಬಿಟ್ಟು ಕೆಳಗಿನದ್ದು ಒಂದೇ ಇಡಬಹುದು. ಎರಡನೇ ಭಾಗ ಮುಂದಿನ ತಿಂಗಳಿಗೆ ಹಾಕಬಹುದು. ಮೆಸೇಜ್ ಬೇಡ, ಮುಚ್ಚದಿದ್ದರೆ ಅಂಗಡಿಯಲ್ಲೇ ಒಂದು ಬಜರ್ ಹೊಡೆದರೆ ಸಾಕು ಅಂದರೆ ಅದು ಇನ್ನೂ ಅಗ್ಗ, ವೈಫೈ ಕೂಡ ಬೇಡ. ಎಲೆಕ್ಟ್ರಿಷಿಯನ್, ಕೊನೆಯ ಪರೀಕ್ಷೆ, ಈ ಎರಡನ್ನು ಮಾತ್ರ ಕತ್ತರಿಸಲು ಬಿಡಬೇಡಿ. "ಅದೆಲ್ಲಾ ಬೇಡಪ್ಪಾ, ಟೈಮರ್ ಹಾಕಿ ಮುಚ್ಚೋ ಹಾಗೆ ಮಾಡು ಸಾಕು" ಅಂತ ಹಠ ಹಿಡಿದರೆ, ಮೋಟರ್ ಮಾರಿದ ಡೀಲರ್‌ನನ್ನೇ ಕೇಳಲು ಹೇಳಿ. ಕೆಳಪಟ್ಟಿಗೆ ಒತ್ತಡ ತಿಳಿಯುವ ರಬ್ಬರ್ ಅಂಚು, ಬೀಮ್, ಬೀಳದಂತೆ ತಡೆಯುವ ಬ್ರೇಕ್ ಎಲ್ಲಾ ಸೇರಿಸಿ, ಹೊಣೆ ಹೊತ್ತು ಬರೆದುಕೊಡುವ ಕಂಪನಿ ಕೆಲಸ ಅದು. ಒಬ್ಬರೇ ಸಂಜೆ ಹೊತ್ತು ಮಾಡಿಕೊಡುವ ಕೆಲಸ ಅಲ್ಲ, ಅದಕ್ಕೆ ನೀವು ಎಷ್ಟು ದರ ಹಾಕಿದರೂ ಸರಿಯಾಗುವುದಿಲ್ಲ.